ಅವರು ಅಂದದ್ದು ಗುರುವಾರ, ನಾವು ಬರೆಯುವುದು ಶುಕ್ರವಾರ

ಮೀಟಿಂಗ್ ಮುಗಿದು ಎಲ್ಲರೂ ಕುರ್ಚಿ ಬಿಟ್ಟು ಏಳುವ ಹೊತ್ತಿಗೆ "ಏನೇನು ಮಾತಾಯ್ತು ಅಂತ ಒಂದು ಮೇಲ್ ಹಾಕ್ಬಿಡಿ" ಎಂಬ ಕೆಲಸ ಯಾರಾದರೊಬ್ಬರ ಪಾಲಿಗೆ ಬಂದೇ ಬರುತ್ತದೆ. ಮಾತು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಡೆದಿರುತ್ತದೆ. ಮೇಲ್ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ ಹೋಗಬೇಕು. ಬರೆಯಲು ಕೂತವರ ಕೈ ಒಂದೇ ಬಗೆಯ ಜಾಗದಲ್ಲಿ ಮತ್ತೆ ಮತ್ತೆ ತಡೆಯುತ್ತದೆ. ಪ್ರೊಡಕ್ಷನ್‌ನವರು ಸೋಮವಾರ ಮಾಲು ಕಳಿಸುತ್ತೇವೆ ಅಂದರು. ಅದನ್ನು 'ದೇ ಸೆಡ್ ದೇ ವಿಲ್ ಡಿಸ್‌ಪ್ಯಾಚ್' ಎಂದು ಬರೆಯಬೇಕೋ, 'ದೇ ಸೆಡ್ ದೇ ವುಡ್ ಡಿಸ್‌ಪ್ಯಾಚ್' ಎಂದೋ? ಮೋಲ್ಡ್ ಸರಿಯಾಗಿದೆ ಅಂದರು. ಅದು 'ಈಸ್ ಫೈನ್' ಆಗಬೇಕೋ, 'ವಾಸ್ ಫೈನ್' ಆಗಬೇಕೋ? ಪಕ್ಕದ ಮೇಜಿನವರನ್ನು ಕೇಳಿದರೆ ಎರಡೂ ನಡೆಯುತ್ತದೆ ಎನ್ನುತ್ತಾರೆ. ವ್ಯಾಕರಣದ ಮಟ್ಟಿಗೆ ಅದು ಬಹುಪಾಲು ನಿಜವೇ. ಆದರೆ ಮೇಲ್ ಓದುವವರಿಗೆ ಆ ಎರಡು ಒಂದೇ ಸಂಗತಿಯನ್ನು ಹೇಳುವುದಿಲ್ಲ. ಮಾತಿಗೆ ಹೊಣೆ ಯಾರದು, ಅದು ಯಾವ ದಿನದ ಮಟ್ಟಿಗೆ ನಿಜ ಎಂಬುದು ಆ ಒಂದು ಕ್ರಿಯಾಪದದ ಮೇಲೆ ನಿಂತಿರುತ್ತದೆ.

ಕನ್ನಡದಲ್ಲಿ ಈ ತೊಡಕೇ ಇಲ್ಲ. 'ಸೋಮವಾರ ಮಾಲು ಕಳಿಸ್ತೀವಿ ಅಂತ ಹೇಳಿದ್ರು' ಎನ್ನುತ್ತೇವೆ. ಹೇಳಿದ್ದು ಕಳೆದುಹೋದ ದಿನದಲ್ಲಿ, ಆದರೂ 'ಕಳಿಸ್ತೀವಿ' ಎಂಬುದು ಹಾಗೇ ಉಳಿಯುತ್ತದೆ. ಕಾಲವಷ್ಟೇ ಅಲ್ಲ, 'ನಾವು' ಎಂಬ ಪುರುಷವೂ ಅಲುಗುವುದಿಲ್ಲ. ಪತ್ರಿಕೆಯ ಕನ್ನಡದಲ್ಲಿ ಇದು 'ಸೋಮವಾರ ಮಾಲು ಕಳಿಸುವುದಾಗಿ ಹೇಳಿದರು' ಎಂದಾಗುತ್ತದೆ. ಆಗ 'ನಾವು' ಮರೆಯಾಗುತ್ತದೆ, ಕಾಲ ಮಾತ್ರ ಆಗಲೂ ಬದಲಾಗುವುದಿಲ್ಲ. 'ಕಳಿಸುವುದಾಗಿ' ಎಂದರೆ ಹೇಳಿದ ಹೊತ್ತಿಗೆ ಇನ್ನೂ ಕಳಿಸಿರಲಿಲ್ಲ, 'ಕಳಿಸಿರುವುದಾಗಿ' ಎಂದರೆ ಹೇಳುವ ಮೊದಲೇ ಕಳಿಸಿ ಆಗಿತ್ತು. ಎರಡರಲ್ಲೂ ಲೆಕ್ಕ ಹಿಡಿಯುವುದು ಮಾತಾಡಿದವರ ಗಡಿಯಾರದಿಂದ. ರಷ್ಯನ್, ಜಪಾನೀ ಭಾಷೆಗಳೂ ಈ ವಿಷಯದಲ್ಲಿ ನಮ್ಮ ಹಾಗೆಯೇ.

ಇಂಗ್ಲಿಷ್ ಲೆಕ್ಕ ಹಿಡಿಯುವುದು ವರದಿ ಬರೆಯುವವರ ಗಡಿಯಾರದಿಂದ. ಅವರು ಅಂದದ್ದು ನಿನ್ನೆ, ನಾನು ಬರೆಯುತ್ತಿರುವುದು ಇವತ್ತು. 'ಸೆಡ್' ಎಂಬುದು ಭೂತಕಾಲ. ಆದ್ದರಿಂದ ಅದರ ಹಿಂದೆ ಬರುವ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. 'ಈಸ್' ಇದ್ದದ್ದು 'ವಾಸ್', 'ವಿಲ್' ಇದ್ದದ್ದು 'ವುಡ್', 'ಕ್ಯಾನ್' ಇದ್ದದ್ದು 'ಕುಡ್', 'ಸೆಂಟ್' ಇದ್ದದ್ದು 'ಹ್ಯಾಡ್ ಸೆಂಟ್' ಆಗುತ್ತದೆ. ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡಿ ಎಂದು ಹೈಸ್ಕೂಲಿನಲ್ಲಿ ಪುಟಗಟ್ಟಲೆ ಬರೆಸಿದ್ದು ಇದನ್ನೇ. 1930ರ ದಶಕದಲ್ಲಿ ಭಾರತದ ಶಾಲೆಗಳಿಗಾಗಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ಕಲಿತ ನಿಯಮ ಹಲವರಿಗೆ ಬಾಯಿಪಾಠವಾಗಿಯೇ ಇದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ ಎಂದೆಂದಿನ ಸತ್ಯಕ್ಕೆ ಮಾತ್ರ ಕಾಲ ಬದಲಿಸಬೇಡಿ ಎಂಬ ವಿನಾಯಿತಿಯೂ ನೆನಪಿರುತ್ತದೆ.

ಆಫೀಸಿನ ಮೇಲ್‌ಗೆ ಆ ವಿನಾಯಿತಿ ಸಾಲದು. ಮಾಲು ಸಿದ್ಧವಾಗಿದೆ ಎನ್ನುವುದು ಎಂದೆಂದಿನ ಸತ್ಯವಲ್ಲ. ಹಾಗೆಂದು ನಿನ್ನೆಗೇ ಮುಗಿದುಹೋದ ಸಂಗತಿಯೂ ಅಲ್ಲ. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ ನೇತೃತ್ವದಲ್ಲಿ 2002ರಲ್ಲಿ ಬಂದ ಕೇಂಬ್ರಿಜ್ ವ್ಯಾಕರಣದಂಥ ದೊಡ್ಡ ಗ್ರಂಥಗಳು ಹೇಳುವಂತೆ, ಅಂದ ಮಾತು ಬರೆಯುವ ಹೊತ್ತಿಗೂ ಅನ್ವಯಿಸುತ್ತಿದ್ದರೆ ಕಾಲವನ್ನು ಹಿಂದಕ್ಕೆ ಸರಿಸಬಹುದು, ಸರಿಸದೆಯೂ ಇರಬಹುದು. ಮೀಟಿಂಗಿನ ಮಾರನೆಯ ದಿನ ಬರೆಯುವ ಮೇಲ್‌ನಲ್ಲಿ ಹೆಚ್ಚಿನ ಮಾತುಗಳು ಈ ಗುಂಪಿಗೇ ಸೇರುತ್ತವೆ. ಅಂದರೆ ಆಯ್ಕೆ ಬರೆಯುವವರ ಕೈಯಲ್ಲಿರುತ್ತದೆ. ಯಾವುದನ್ನು ಆರಿಸಬೇಕು ಎಂಬುದನ್ನು ಮಾತ್ರ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ.

ಪೀಣ್ಯದಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಜೂನ್ 12, ಗುರುವಾರ ಅಲ್ಲೊಂದು ಮೀಟಿಂಗ್. ಹೊಸ ಮೋಲ್ಡ್ ಹಾಕಿದಂದಿನಿಂದ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ತೆಳ್ಳಗೆ ಪ್ಲಾಸ್ಟಿಕ್ ಹೊರಗೆ ಚಾಚಿಕೊಂಡು ಬರುತ್ತಿದೆ. ಅಲ್ಲಿನವರು ಅದಕ್ಕೆ ಫ್ಲ್ಯಾಶ್ ಎನ್ನುತ್ತಾರೆ. ಮೋಲ್ಡಿನ ಎರಡು ಭಾಗಗಳು ಕೂಡುವ ಜಾಗ ಸರಿಯಿಲ್ಲದಿದ್ದರೂ ಫ್ಲ್ಯಾಶ್ ಬರುತ್ತದೆ. ಯಂತ್ರ ಆ ಎರಡನ್ನು ಬಿಗಿಯಾಗಿ ಒತ್ತಿ ಹಿಡಿಯದಿದ್ದರೂ ಬರುತ್ತದೆ. ಹಾಗಾಗಿ ಮೋಲ್ಡ್ ಕೊಟ್ಟವರಿಗೂ ಕಾರ್ಖಾನೆಯವರಿಗೂ ನಡುವೆ ಜಗ್ಗಾಟ. ಮೀಟಿಂಗಿನಲ್ಲಿ ಮೋಲ್ಡ್ ಸರಬರಾಜುದಾರರು, ಪ್ರೊಡಕ್ಷನ್, ಪರ್ಚೇಸ್, ಕ್ವಾಲಿಟಿ, ಅಕೌಂಟ್ಸ್ ಎಲ್ಲರೂ ಇದ್ದಾರೆ. ಶುಕ್ರವಾರ ಮೇಲ್ ಬರೆಯುವುದು ಕಾರ್ಖಾನೆಯ ಕಡೆಯವರು.

ಮೊದಲು ಪ್ರೊಡಕ್ಷನ್ ಮ್ಯಾನೇಜರ್ ಮಾತು: ಸೋಮವಾರ 400 ಬಾಕ್ಸ್ ಕಳಿಸುತ್ತೇವೆ. ಶುಕ್ರವಾರದ ಮೇಲ್‌ನಲ್ಲಿ ಸೋಮವಾರ ಇನ್ನೂ ಬಂದಿಲ್ಲ. ಆದ್ದರಿಂದ 'ವಿಲ್' ಕೂಡ ಸರಿ, 'ವುಡ್' ಕೂಡ ಸರಿ. 'ವಿಲ್' ಬರೆದರೆ ಮಾತು ಇನ್ನೂ ಜೀವಂತವಾಗಿದೆ, ಅದನ್ನು ನಂಬಿ ಲಾರಿ ಹೇಳಬಹುದು ಎಂಬ ಸೂಚನೆ ಹೋಗುತ್ತದೆ. 'ವುಡ್' ಬರೆದರೆ ಓದುವವರ ಮನಸ್ಸಿನಲ್ಲಿ ಒಂದು ಸಣ್ಣ ಪ್ರಶ್ನೆ ಏಳಬಹುದು: ಕಳಿಸುತ್ತೇವೆ ಅಂದಿದ್ದರು ಸರಿ, ಈಗ ಏನಾದರೂ ಬದಲಾಗಿದೆಯೇ? ಬದಲಾಗಿದೆ ಎಂದು 'ವುಡ್' ಹೇಳುವುದಿಲ್ಲ. ಬದಲಾಗಿಲ್ಲ ಎಂದೂ ಹೇಳುವುದಿಲ್ಲ. ಕೆಲಸ ಮುಂದೆ ಸಾಗಬೇಕಾದ ಇಂಥ ವಾಕ್ಯದಲ್ಲಿ 'ವಿಲ್' ಉಳಿಸುವುದೇ ನನಗೆ ಮೇಲೆನಿಸುತ್ತದೆ. ಜತೆಗೆ 'ಮಂಡೇ' ಎಂದಷ್ಟೇ ಬಿಡದೆ 'ಮಂಡೇ, 16 ಜೂನ್' ಎಂದು ಬರೆಯಬೇಕು. ಮೀಟಿಂಗಿನಲ್ಲಿ ಯಾರಾದರೂ 'ನಾಳೆ' ಅಂದಿದ್ದರೆ ಅದಂತೂ ಮೇಲ್‌ಗೆ ಹಾಗೇ ಬರಲೇಬಾರದು. ಗುರುವಾರದ ನಾಳೆ ಶುಕ್ರವಾರ. ಶುಕ್ರವಾರದ ಮೇಲ್‌ನಲ್ಲಿ 'ಟುಮಾರೋ' ಎಂದಿದ್ದರೆ ಓದುವವರು ಶನಿವಾರ ಎಂದುಕೊಳ್ಳುತ್ತಾರೆ. ಕನ್ನಡದಲ್ಲಿ 'ನಾಳೆ ಬರ್ತೀನಿ ಅಂದ್ರು' ಎಂದು ಹೇಳಿ ಅಭ್ಯಾಸವಾದ ನಮಗೆ ಈ ತಪ್ಪು ಬಹಳ ಸಲೀಸಾಗಿ ಆಗುತ್ತದೆ.

ಮೋಲ್ಡ್ ಸರಬರಾಜುದಾರರ ಮಾತಿಗೆ ಬಂದಾಗ ಲೆಕ್ಕ ತಿರುಗುತ್ತದೆ. ನಮ್ಮ ಮೋಲ್ಡ್ ಸರಿಯಾಗಿದೆ, ನಿಮ್ಮ ಯಂತ್ರದ ಕ್ಲ್ಯಾಂಪಿಂಗ್ ಫೋರ್ಸ್ ಕಡಿಮೆ ಇದೆ ಎಂದು ಅವರು ಹೇಳಿದರು. ಕಾರ್ಖಾನೆಯವರು ಅದನ್ನು 'ದಿ ಸಪ್ಲೈಯರ್ ಸೆಡ್ ದಟ್ ದಿ ಮೋಲ್ಡ್ ಈಸ್ ಫೈನ್ ಅಂಡ್ ಅವರ್ ಕ್ಲ್ಯಾಂಪಿಂಗ್ ಫೋರ್ಸ್ ಈಸ್ ಲೋ' ಎಂದು ಬರೆದರು ಎನ್ನಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕಾಲವನ್ನು ಹಿಂದಕ್ಕೆ ಸರಿಸದೆ ಬಿಟ್ಟಾಗ, ಆ ಸಂಗತಿ ಈಗಲೂ ನಿಜ ಎಂದು ಬರೆದವರೂ ಒಪ್ಪುತ್ತಾರೆ ಎಂಬ ಧ್ವನಿ ಬರುತ್ತದೆ. ಮೂರು ತಿಂಗಳ ಮೇಲೆ ಮೋಲ್ಡಿನ ಬಾಕಿ ಹಣದ ಬಗ್ಗೆ ಜಗಳ ಬಂದರೆ, ನೀವೇ ಬರೆದಿದ್ದೀರಲ್ಲ ಎಂದು ಎದುರಿನವರು ಈ ಮೇಲನ್ನು ಮುಂದಿಡುತ್ತಾರೆ. ಇಲ್ಲಿ 'ವಾಸ್' ಬರೆಯಬೇಕು: 'ದಿ ಸಪ್ಲೈಯರ್ ಸೆಡ್ ದಟ್ ದಿ ಮೋಲ್ಡ್ ವಾಸ್ ಫೈನ್ ಅಂಡ್ ದಟ್ ಅವರ್ ಕ್ಲ್ಯಾಂಪಿಂಗ್ ಫೋರ್ಸ್ ವಾಸ್ ಲೋ'. ಇದರಲ್ಲಿ ಮಾತು ಪೂರ್ತಿಯಾಗಿ ಅವರದ್ದು. ಬರೆದವರು ಅದನ್ನು ಅಲ್ಲಗಳೆದೂ ಇಲ್ಲ, ಒಪ್ಪಿಯೂ ಇಲ್ಲ. ಎರಡನೆಯ 'ದಟ್' ಬಿಡಬಾರದು ಎಂಬುದನ್ನೂ ಗಮನಿಸಿ. ಅದನ್ನು ಬಿಟ್ಟರೆ ಯಂತ್ರದ ದೋಷದ ಮಾತು ಅವರು ಹೇಳಿದ್ದೋ, ನಾವೇ ಸೇರಿಸಿದ್ದೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಜಗಳ ನಿಜಕ್ಕೂ ಇರುವಲ್ಲಿ 'ವಾಸ್' ಒಂದರ ಮೇಲೇ ಭಾರ ಹಾಕುವುದೂ ಬೇಡ. ಮುಂದಿನ ವಾಕ್ಯದಲ್ಲೇ 'ವಿ ಡು ನಾಟ್ ಅಗ್ರೀ' ಎಂದೋ, ಯಂತ್ರವನ್ನು ಯಾವ ದಿನ ಪರೀಕ್ಷಿಸುತ್ತೇವೆ ಎಂದೋ ನೇರವಾಗಿ ಬರೆದರೆ ಯಾರಿಗೂ ಗೊಂದಲವಿಲ್ಲ.

ಒಂದೇ ಮೇಲ್‌ನಲ್ಲಿ ಪ್ರೊಡಕ್ಷನ್‌ಗೆ 'ವಿಲ್', ಸರಬರಾಜುದಾರರಿಗೆ 'ವಾಸ್' ಎಂದರೆ ಕಾಲಗಳು ಕಲಸಿಹೋದಂತಲ್ಲವೇ ಎಂದು ಕೇಳಬಹುದು. ಬೇರೆ ಬೇರೆ ವಾಕ್ಯಗಳಲ್ಲಿ, ಕಾರಣವಿದ್ದು ಬದಲಾದರೆ ಅಲ್ಲ. ಒಂದೇ ವಾಕ್ಯದಲ್ಲಿ, ಒಬ್ಬರೇ ಅಂದ ಒಂದೇ ಬಗೆಯ ಎರಡು ಸಂಗತಿಗಳಲ್ಲಿ ಒಂದಕ್ಕೆ 'ವಿಲ್', ಇನ್ನೊಂದಕ್ಕೆ 'ವುಡ್' ಬಂದಾಗ ಮಾತ್ರ ತೊಂದರೆ. 400 ಬಾಕ್ಸ್ 'ವಿಲ್' ಕಳಿಸುತ್ತಾರೆ, ಉಳಿದ 200 'ವುಡ್' ಕಳಿಸುತ್ತಾರೆ ಎಂದು ಬರೆದರೆ, ಆ 200ರ ಬಗ್ಗೆ ಏನೋ ಅಡ್ಡಿಯಿದೆ ಎಂದು ಓದುವವರು ಹುಡುಕತೊಡಗುತ್ತಾರೆ. ಬರೆದವರ ಮನಸ್ಸಿನಲ್ಲಿ ಅಂಥದ್ದೇನೂ ಇರುವುದಿಲ್ಲ. ವಾಕ್ಯದ ಅರ್ಧಕ್ಕೆ ಬಂದಾಗ ಶಾಲೆಯ ನಿಯಮ ನೆನಪಾಗಿರುತ್ತದೆ, ಅಷ್ಟೆ. ಮೇಲ್ ಕಳಿಸುವ ಮೊದಲು ಒಮ್ಮೆ 'ಸೆಡ್' ಇರುವ ವಾಕ್ಯಗಳನ್ನಷ್ಟೇ ಹುಡುಕಿ, ಪ್ರತಿ 'ಸೆಡ್' ಹಿಂದೆ ಬರುವ ಕ್ರಿಯಾಪದಗಳು ಒಂದೇ ಸಾಲಿನಲ್ಲಿ ನಿಂತಿವೆಯೇ ಎಂದು ನೋಡಿದರೆ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು 'ಇಫ್' ಇರುವ ಮಾತು. ಅಕೌಂಟ್ಸ್‌ನವರು ಹೇಳಿದ್ದು: ಇನ್‌ವಾಯ್ಸ್ 20ರೊಳಗೆ ಬಂದರೆ ಬಾಕಿ ಹಣ ಬಿಡುಗಡೆ ಮಾಡಬಹುದು. ಇಂಗ್ಲಿಷಿನಲ್ಲಿ ಅವರ ಮಾತು 'ವಿ ಕ್ಯಾನ್ ರಿಲೀಸ್ ದಿ ಬ್ಯಾಲೆನ್ಸ್ ಇಫ್ ದಿ ಇನ್‌ವಾಯ್ಸ್ ಕಮ್ಸ್ ಬೈ ದಿ ಟ್ವೆಂಟಿಯತ್'. ನಿಯಮವನ್ನು ಅಕ್ಷರಶಃ ಹಿಡಿದು ಹಿಂದಕ್ಕೆ ಸರಿಸಿದರೆ 'ಕ್ಯಾನ್' ಹೋಗಿ 'ಕುಡ್', 'ಕಮ್ಸ್' ಹೋಗಿ 'ಕೇಮ್' ಆಗುತ್ತದೆ: 'ಅಕೌಂಟ್ಸ್ ಸೆಡ್ ದೇ ಕುಡ್ ರಿಲೀಸ್ ದಿ ಬ್ಯಾಲೆನ್ಸ್ ಇಫ್ ದಿ ಇನ್‌ವಾಯ್ಸ್ ಕೇಮ್ ಬೈ ದಿ ಟ್ವೆಂಟಿಯತ್'. ಈಗ ಇದನ್ನು ಸರಬರಾಜುದಾರರ ಜಾಗದಲ್ಲಿ ಕೂತು ಓದಿ. ಇಂಗ್ಲಿಷಿನಲ್ಲಿ 'ಇಫ್' ಜತೆ ಭೂತಕಾಲ ಬಂದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಆಗಲಾರದ, ಆಗುವ ಸಂಭವ ಕಡಿಮೆ ಇರುವ ಸಂಗತಿಯನ್ನು ಹೇಳಲು ಅದೇ ರೂಪ ಬಳಕೆಯಾಗುತ್ತದೆ. 'ಇಫ್ ಐ ಹ್ಯಾಡ್ ಮನಿ' ಎಂದರೆ ನನ್ನ ಹತ್ತಿರ ಹಣವಿಲ್ಲ ಎಂದೇ ಅರ್ಥ. ವರದಿಯ ಕಾರಣಕ್ಕೆ ಹಿಂದೆ ಸರಿದ 'ಕೇಮ್' ಮತ್ತು ಅಸಂಭವವನ್ನು ಹೇಳುವ 'ಕೇಮ್' ಕಣ್ಣಿಗೆ ಒಂದೇ. ಓದುವವರಿಗೆ ಎರಡನ್ನೂ ಬೇರ್ಪಡಿಸುವ ದಾರಿಯಿಲ್ಲ. ಹಣ ಕೊಡಲು ಸಿದ್ಧರಿದ್ದೇವೆ ಎಂಬ ಸ್ಪಷ್ಟ ಮಾತು, ಹಾಗೇನಾದರೂ ಆಗಿದ್ದರೆ ಕೊಡಬಹುದಿತ್ತೋ ಏನೋ ಎಂಬಂತೆ ಕೇಳಿಸಿಬಿಡುತ್ತದೆ. ದಿನಾಂಕ ಇನ್ನೂ ಮುಂದಿರುವಾಗ, ಷರತ್ತು ನಿಜವಾದದ್ದಾಗಿರುವಾಗ 'ಕ್ಯಾನ್' ಮತ್ತು 'ಕಮ್ಸ್' ಎರಡನ್ನೂ ಹಾಗೇ ಉಳಿಸಬೇಕು. ಒಂದನ್ನು ಸರಿಸಿ ಇನ್ನೊಂದನ್ನು ಬಿಟ್ಟರೆ ಇನ್ನೂ ಕೆಡುತ್ತದೆ.

'ಮಸ್ಟ್' ಕೂಡ ಇದೇ ರೀತಿ ಕೈಕೊಡುವ ಪದ. ಕಳಿಸುವ ಮೊದಲು ಟೆಸ್ಟ್ ರಿಪೋರ್ಟ್ ಕೊಡಲೇಬೇಕು ಎಂದು ಕ್ವಾಲಿಟಿಯವರು ಹೇಳಿದರು. ಅದನ್ನು 'ಹ್ಯಾಡ್ ಟು' ಮಾಡಿದರೆ ಕೊಡಬೇಕಾಗಿತ್ತು, ಆ ಮಾತು ಮುಗಿಯಿತು ಎಂಬ ಅರ್ಥವೂ ಇಣುಕುತ್ತದೆ. 'ಮಸ್ಟ್' ಪದವನ್ನು 'ಸೆಡ್' ಹಿಂದೆ ಹಾಗೇ ಇಡಲು ಇಂಗ್ಲಿಷ್ ಒಪ್ಪುತ್ತದೆ, ಹಾಗೇ ಇಡಿ.

ಪರ್ಚೇಸ್‌ನವರು ಗ್ರ್ಯಾನ್ಯೂಲ್ಸ್ ಆರ್ಡರನ್ನು 5ರಂದೇ ಕೊಟ್ಟಿದ್ದೇವೆ ಅಂದರು. ನಿಯಮದ ಪ್ರಕಾರ ಇದು 'ಹ್ಯಾಡ್ ಪ್ಲೇಸ್ಡ್ ದಿ ಆರ್ಡರ್'. ತಪ್ಪಿಲ್ಲ, ಆರ್ಡರ್ ಕೊಟ್ಟದ್ದು ಮಾತಾಡಿದ್ದಕ್ಕಿಂತ ಮೊದಲು ಎಂಬುದನ್ನು 'ಹ್ಯಾಡ್' ತೋರಿಸುತ್ತದೆ. ಆದರೆ 'ಆನ್ 5 ಜೂನ್' ಎಂದು ದಿನಾಂಕವೇ ಇದ್ದರೆ 'ಪ್ಲೇಸ್ಡ್' ಎಂದಷ್ಟೇ ಬರೆದರೂ ಸಾಕು, ಹಿಂದುಮುಂದು ದಿನಾಂಕದಿಂದಲೇ ತಿಳಿಯುತ್ತದೆ. ನಮ್ಮವರ ಮೇಲ್‌ಗಳಲ್ಲಿ 'ಹ್ಯಾಡ್' ಬೇಡದ ಕಡೆಯೂ ತುಂಬಿಕೊಂಡಿರುತ್ತದೆ. 'ನಿನ್ನೆ ಮೇಲ್ ಕಳಿಸಿದ್ದೆ' ಎಂಬ ಕನ್ನಡದ ರೂಪ ನೇರವಾಗಿ 'ಐ ಹ್ಯಾಡ್ ಸೆಂಟ್ ಎ ಮೇಲ್ ಯೆಸ್ಟರ್‌ಡೇ' ಆಗಿ ಇಳಿಯುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ ಎಂದು ನನಗನಿಸುತ್ತದೆ. ಇಂಗ್ಲಿಷ್ ಮನೆಮಾತಾದವರು ಇದನ್ನು ಓದಿ, ಕಳಿಸಿದ್ದಿರಿ, ಆಮೇಲೆ ಏನಾಯಿತು ಎಂದು ಕಾಯುತ್ತಾರೆ. ಏಕೆಂದರೆ ಅವರ 'ಹ್ಯಾಡ್' ಹಿಂದಿನ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ತೋರಿಸಲು ಇರುವುದು. ಮೇಲ್‌ನ ಎಲ್ಲ ವಾಕ್ಯಗಳಲ್ಲೂ 'ಹ್ಯಾಡ್' ಇದ್ದರೆ, ನಿಜವಾಗಿ ಅದು ಬೇಕಾದ ಜಾಗದಲ್ಲಿ ಅದರ ಕೆಲಸ ಕಾಣುವುದೇ ಇಲ್ಲ.

ಈ ಕಾಲದ ತಕರಾರಿನಿಂದ ಆಚೆ ಹೋಗಲು ಎರಡು ದಾರಿಗಳಿವೆ, ಎರಡೂ ಬಹಳ ಉಪಯೋಗದವು. ಒಂದು, 'ಸೆಡ್' ಬದಲು 'ಹ್ಯಾಸ್ ಕನ್‌ಫರ್ಮ್ಡ್' ಎಂದು ಬರೆಯುವುದು. 'ಹ್ಯಾಸ್' ಬಂದೊಡನೆ ವಾಕ್ಯದ ನೆಲೆ ವರ್ತಮಾನಕ್ಕೆ ಬರುತ್ತದೆ. ಹಿಂದಕ್ಕೆ ಸರಿಸುವ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. 'ಪ್ರೊಡಕ್ಷನ್ ಹ್ಯಾಸ್ ಕನ್‌ಫರ್ಮ್ಡ್ ದಟ್ 400 ಬಾಕ್ಸಸ್ ವಿಲ್ ಗೋ ಆನ್ ಮಂಡೇ, 16 ಜೂನ್' ಎಂಬಲ್ಲಿ ಯಾರಿಗೂ ತಡವರಿಕೆಯಿಲ್ಲ. ಒಂದು ಎಚ್ಚರ: 'ಆನ್ ಥರ್ಸ್‌ಡೇ' ಎಂಬಂಥ ಕಳೆದ ದಿನದ ಗುರುತನ್ನು ಇದೇ ಕ್ರಿಯಾಪದಕ್ಕೆ ಅಂಟಿಸಬಾರದು. ಆ ದಿನವೇ ಮುಖ್ಯವಾದರೆ 'ಸೆಡ್' ಅಥವಾ 'ಕನ್‌ಫರ್ಮ್ಡ್' ಎಂದೇ ಬರೆಯಬೇಕು.

ಇನ್ನೊಂದು, 'ಟು' ಹಚ್ಚುವುದು. 'ಅಗ್ರೀಡ್ ಟು ಸೆಂಡ್', 'ಆಫರ್ಡ್ ಟು ಇನ್‌ಸ್ಪೆಕ್ಟ್', 'ಆಸ್ಕ್ಡ್ ಅಸ್ ಟು ಶೇರ್' ಮುಂತಾದವುಗಳಲ್ಲಿ 'ಟು' ನಂತರ ಬರುವ ಕ್ರಿಯಾಪದಕ್ಕೆ ಕಾಲವೇ ಇಲ್ಲ, ಆದ್ದರಿಂದ ಸರಿಸುವುದಕ್ಕೂ ಏನೂ ಇಲ್ಲ. ವಾಕ್ಯ ಚಿಕ್ಕದಾಗುತ್ತದೆ, ಯಾರು ಏನು ಮಾಡಬೇಕು ಎಂಬುದೂ ಎದ್ದು ಕಾಣುತ್ತದೆ. ಕಾಲದ ತೊಡಕು ಹೋದರೂ ಇಲ್ಲಿ ಕ್ರಿಯಾಪದವನ್ನೇ ತೂಗಿ ಆರಿಸಬೇಕಾಗುತ್ತದೆ. ಮೋಲ್ಡ್ ಸರಬರಾಜುದಾರರು 'ಬುಧವಾರ ನಮ್ಮ ಟೆಕ್ನಿಷಿಯನ್‌ನ ಕಳಿಸೋಕೆ ನೋಡ್ತೀವಿ' ಎಂದಿದ್ದರೆ ಅದನ್ನು 'ಅಗ್ರೀಡ್ ಟು ಸೆಂಡ್' ಎಂದು ಬರೆಯುವುದು ಸುಳ್ಳಾಗುತ್ತದೆ. ಅವರು ಒಪ್ಪಿಲ್ಲ, ಪ್ರಯತ್ನಿಸುತ್ತೇವೆ ಎಂದಿದ್ದಾರೆ. 'ಸೆಡ್ ದೇ ವುಡ್ ಟ್ರೈ ಟು ಸೆಂಡ್' ಎಂಬುದೇ ಅಲ್ಲಿ ನ್ಯಾಯವಾದ ವಾಕ್ಯ. 'ವುಡ್' ತನ್ನೊಡನೆ ತರುವ ಆ ಸಣ್ಣ ಅನಿಶ್ಚಿತತೆ ಇಲ್ಲಿ ನಿಜಕ್ಕೂ ಇರಬೇಕಾದದ್ದೇ. ನಮ್ಮ 'ನೋಡ್ತೀವಿ', 'ಮಾಡೋಣ', 'ಆಗುತ್ತೆ ಬಿಡಿ' ಎಂಬ ಮಾತುಗಳೆಲ್ಲ ಮೇಲ್‌ನಲ್ಲಿ 'ವಿಲ್' ಅಥವಾ 'ಅಗ್ರೀಡ್' ಆಗಿ ಗಟ್ಟಿಯಾಗಿಬಿಡುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಆಮೇಲೆ ಬರುವ ಮನಸ್ತಾಪಕ್ಕೆ ಕಾರಣ ಯಾರ ಕೆಟ್ಟತನವೂ ಆಗಿರುವುದಿಲ್ಲ.

ಹಾಗಾದರೆ ಶುಕ್ರವಾರದ ಮೇಲ್‌ನ ಮುಖ್ಯ ಭಾಗ ಹೀಗೆ ನಿಲ್ಲುತ್ತದೆ: 'ಪ್ರೊಡಕ್ಷನ್ ಹ್ಯಾಸ್ ಕನ್‌ಫರ್ಮ್ಡ್ ದಟ್ 400 ಬಾಕ್ಸಸ್ ವಿಲ್ ಗೋ ಆನ್ ಮಂಡೇ, 16 ಜೂನ್. ಕ್ವಾಲಿಟಿ ಸೆಡ್ ದಟ್ ದಿ ಟೆಸ್ಟ್ ರಿಪೋರ್ಟ್ ಮಸ್ಟ್ ರೀಚ್ ದೆಮ್ ಬಿಫೋರ್ ಡಿಸ್‌ಪ್ಯಾಚ್. ದಿ ಸಪ್ಲೈಯರ್ ಸೆಡ್ ದಟ್ ದಿ ಮೋಲ್ಡ್ ವಾಸ್ ಫೈನ್ ಅಂಡ್ ದಟ್ ಅವರ್ ಕ್ಲ್ಯಾಂಪಿಂಗ್ ಫೋರ್ಸ್ ವಾಸ್ ಲೋ. ವಿ ವಿಲ್ ಟೆಸ್ಟ್ ದಿ ಮಷೀನ್ ಆನ್ 17 ಜೂನ್. ದೇ ಸೆಡ್ ದೇ ವುಡ್ ಟ್ರೈ ಟು ಸೆಂಡ್ ಎ ಟೆಕ್ನಿಷಿಯನ್ ಆನ್ 18 ಜೂನ್. ಅಕೌಂಟ್ಸ್ ಸೆಡ್ ದೇ ಕ್ಯಾನ್ ರಿಲೀಸ್ ದಿ ಬ್ಯಾಲೆನ್ಸ್ ಇಫ್ ದಿ ಇನ್‌ವಾಯ್ಸ್ ಕಮ್ಸ್ ಬೈ 20 ಜೂನ್.' ಕಾಲಗಳು ಒಂದೇ ಅಲ್ಲ. ಆದರೆ ಪ್ರತಿಯೊಂದರ ಹಿಂದೆಯೂ ಕೇಳಿದರೆ ಹೇಳಬಹುದಾದ ಕಾರಣವಿದೆ.

ಈ ಕಾರಣಗಳಿಗೆ ಆಯುಷ್ಯ ಕಡಿಮೆ ಎಂಬುದನ್ನು ಮರೆಯಬಾರದು. ಸೋಮವಾರ 400ರಲ್ಲಿ 250 ಬಾಕ್ಸ್ ಮಾತ್ರ ಹೋಯಿತು ಎನ್ನಿ. ಮಂಗಳವಾರ ಮತ್ತೊಂದು ಮೇಲ್ ಬರೆಯಬೇಕು. ಶುಕ್ರವಾರದ ವಾಕ್ಯವನ್ನು ನಕಲು ಮಾಡಿ ಅಂಟಿಸಿದರೆ 'ವಿಲ್ ಗೋ ಆನ್ ಮಂಡೇ' ಎಂಬುದು ಮುಂದಿನ ಸೋಮವಾರಕ್ಕೆ ಹಾರಿಹೋಗುತ್ತದೆ. ಈಗ ಆಯ್ಕೆಯಿಲ್ಲ, ಆ ದಿನ ಕಳೆದಿದೆ, ಮಾತು ಈಡೇರಿಲ್ಲ, 'ವುಡ್' ಕಡ್ಡಾಯ: 'ಆನ್ 12 ಜೂನ್ ಪ್ರೊಡಕ್ಷನ್ ಸೆಡ್ ದಟ್ 400 ಬಾಕ್ಸಸ್ ವುಡ್ ಗೋ ಆನ್ 16 ಜೂನ್, 250 ಹ್ಯಾವ್ ಗಾನ್.' ಇನ್‌ವಾಯ್ಸಿನ ಮಾತು ಮಾತ್ರ ಮಂಗಳವಾರವೂ 'ಕ್ಯಾನ್' ಮತ್ತು 'ಕಮ್ಸ್' ಆಗಿಯೇ ಇರುತ್ತದೆ. ಅದರ ಗಡುವಿಗೆ ಇನ್ನೂ ಮೂರು ದಿನವಿದೆ.